ಬ್ರಿಟನ್ನಿಗೆ ಕಳಿಸುವ ಸಿವಿಯಲ್ಲಿ ಅಪ್ಪನ ಹೆಸರು ಬೇಡ

ನಮಸ್ಕಾರ. ಇಲ್ಲಿ ಕೂತಿರುವ ನರ್ಸ್‌ಗಳಲ್ಲಿ ಬಹಳಷ್ಟು ಜನ ಬ್ರಿಟನ್ನಿನ ಎನ್‌ಎಚ್‌ಎಸ್ ಆಸ್ಪತ್ರೆಗಳಿಗೆ ಅರ್ಜಿ ಹಾಕುವವರು. ಹಾಗಾಗಿ ಅದೊಂದನ್ನೇ ಹಿಡಿದು ಮಾತಾಡುತ್ತೇನೆ.

ಹಾಸನದ ಕಡೆಯ ಒಬ್ಬ ಹೆಣ್ಣುಮಗಳು ತನ್ನ ಬಯೋಡೇಟಾ ತಂದು ತೋರಿಸಿದಳು. ನಾಲ್ಕು ಪುಟ. ಮೊದಲ ಪುಟದ ತುಂಬ ಫೋಟೊ, ಅಪ್ಪನ ಹೆಸರು, ಜನ್ಮದಿನಾಂಕ, ಧರ್ಮ, ಮದುವೆಯ ವಿವರ, ಪಾಸ್‌ಪೋರ್ಟ್ ನಂಬರು. ಕೊನೆಯಲ್ಲಿ ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆ, ಸಹಿ. ಅಷ್ಟನ್ನೂ ತೆಗೆಸಿದೆ. ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆ ವಯಸ್ಸು, ಧರ್ಮ, ಮದುವೆ ನೋಡಿ ತಾರತಮ್ಯ ಮಾಡುವುದನ್ನು ತಡೆಯುತ್ತದೆ. ಆಯ್ಕೆ ಮಾಡುವವರಿಗೆ ಆ ವಿವರಗಳು ಬೇಕಿಲ್ಲ. ಎರಡು ಪುಟ ಸಾಕು.

ಖಾಲಿಯಾದ ಆ ಜಾಗಕ್ಕೆ ಬಂದದ್ದು ಬ್ರಿಟನ್ನಿನ ನರ್ಸಿಂಗ್ ಮಂಡಳಿಯಾದ ಎನ್‌ಎಂಸಿಯ ನೋಂದಣಿ ಎಲ್ಲಿಗೆ ಬಂದಿದೆ ಎಂಬ ವಿಷಯ. ಇಂಗ್ಲಿಷ್ ಪರೀಕ್ಷೆಗಳಾದ ಒಇಟಿ ಅಥವಾ ಐಇಎಲ್‌ಟಿಎಸ್ ಅಂಕ, ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ ಪರೀಕ್ಷೆ ಮುಗಿದ ತಿಂಗಳು, ಪ್ರಾಯೋಗಿಕ ಪರೀಕ್ಷೆಯಾದ ಆಸ್ಕಿ ಬಾಕಿ ಇದೆಯೇ ಎಂಬುದು. ಓದುವವರು ಮೊದಲು ಹುಡುಕುವುದು ಇದನ್ನೇ.

ಆಮೇಲೆ ಅನುಭವ. ‘ಐಸಿಯುವಿನಲ್ಲಿ ರೋಗಿಗಳ ಆರೈಕೆಯ ಜವಾಬ್ದಾರಿ’ ಎಂದು ಬರೆದಿದ್ದಳು. ಎಷ್ಟು ಹಾಸಿಗೆ, ಪಾಳಿಗೆ ಎಷ್ಟು ರೋಗಿಗಳು ಎಂದು ಕೇಳುತ್ತಾ ಹೋದೆ. ಸಾಲು ಹೀಗಾಯಿತು: ‘12 ಹಾಸಿಗೆಯ ಐಸಿಯು, ಪಾಳಿಗೆ ವೆಂಟಿಲೇಟರ್ ಮೇಲಿದ್ದ ಇಬ್ಬರ ಆರೈಕೆ, ಹೊಸದಾಗಿ ಸೇರಿದ ನಾಲ್ವರಿಗೆ ತರಬೇತಿ.’ ಅವಳು ದಿನಾ ಮಾಡುತ್ತಿದ್ದ ಕೆಲಸವೇ ಅದು, ಬರೆಯಬೇಕೆಂದು ಹೊಳೆದಿರಲಿಲ್ಲ.

ನಡುವೆ ಎಂಟು ತಿಂಗಳು ಕೆಲಸವಿರಲಿಲ್ಲ. ಅದನ್ನು ಮುಚ್ಚಲು ವರ್ಷಗಳನ್ನಷ್ಟೇ ಹಾಕಿದ್ದಳು. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ಖಾಲಿ ಬಿಟ್ಟ ಅವಧಿಗೆ ಕಾರಣ ಕೇಳಿಯೇ ಕೇಳುತ್ತಾರೆ. ‘ತಾಯಿಯ ಆರೈಕೆ, ಜೊತೆಗೆ ಒಇಟಿ ತಯಾರಿ’ ಎಂದು ತಿಂಗಳು ಸಹಿತ ಒಂದೇ ಸಾಲು ಬರೆಸಿದೆ.

ಇನ್ನು ಕವರ್ ಲೆಟರ್. ಜಾಹೀರಾತಿನ ಜೊತೆ ‘ಪರ್ಸನ್ ಸ್ಪೆಸಿಫಿಕೇಷನ್’ ಎಂಬ ಪಟ್ಟಿ ಇರುತ್ತದೆ. ಇರಲೇಬೇಕಾದ ಅರ್ಹತೆ ಒಂದು ಕಡೆ, ಇದ್ದರೆ ಒಳ್ಳೆಯದು ಎನ್ನುವಂಥವು ಇನ್ನೊಂದು ಕಡೆ. ಪತ್ರ ಹುಟ್ಟಬೇಕಾದದ್ದು ಆ ಮೊದಲ ಕಡೆಯಿಂದ. ಅವಳ ಹಳೆಯ ಪತ್ರ ‘ನಿಮ್ಮ ಗೌರವಾನ್ವಿತ ಸಂಸ್ಥೆಯಲ್ಲಿ’ ಎಂದು ಶುರುವಾಗಿ ಒಂದು ಪುಟ ಹಾಗೇ ಹರಿದಿತ್ತು. ಹೊಸದರಲ್ಲಿ ಮೂರೇ ಪ್ಯಾರಾ. ಹುದ್ದೆಯ ಹೆಸರು, ರೆಫರೆನ್ಸ್ ನಂಬರು, ನೋಂದಣಿಯ ಹಂತ ಮೊದಲು. ಎರಡನೆಯದರಲ್ಲಿ ಒಂದು ಘಟನೆ: ಪಟ್ಟಿಯಲ್ಲಿ ‘ರೋಗಿಯ ಸ್ಥಿತಿ ಹದಗೆಡುವುದನ್ನು ಗುರುತಿಸುವ ಸಾಮರ್ಥ್ಯ’ ಎಂದಿತ್ತು. ರಾತ್ರಿಪಾಳಿಯಲ್ಲಿ ರೋಗಿಯೊಬ್ಬರ ಉಸಿರಾಟದ ವೇಗ ಏರುತ್ತಿದ್ದುದನ್ನು ತಾನು ಗಮನಿಸಿದ್ದು, ಡಾಕ್ಟರಿಗೆ ಹೇಳಿದ್ದು, ಆಮೇಲೆ ಆದದ್ದನ್ನು ನಾಲ್ಕು ಸಾಲಲ್ಲಿ ಬರೆದಳು. ರೋಗಿಯ ಹೆಸರು ಎಲ್ಲೂ ಬರಬಾರದು. ಕೊನೆಯ ಪ್ಯಾರಾದಲ್ಲಿ ವೀಸಾ ಸ್ಪಾನ್ಸರ್‌ಶಿಪ್ ಬೇಕು, ನೋಟಿಸ್ ಅವಧಿ ಇಷ್ಟು ಎಂದು ನೇರವಾಗಿ ಹೇಳಿದಳು.

ರೆಫರಿಗಳ ವಿಷಯಕ್ಕೆ ಬಂದರೆ, ಹಿಂದಿನ ಮೂರು ವರ್ಷದ ಕೆಲಸವನ್ನು ಬ್ರಿಟನ್ನಿನ ಆಸ್ಪತ್ರೆಯವರು ವಿಚಾರಿಸುತ್ತಾರೆ. ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ಮೊದಲೇ ಫೋನ್ ಮಾಡಿ ಒಪ್ಪಿಗೆ ತಗೊಳ್ಳಿ, ಅವರ ಆಸ್ಪತ್ರೆಯ ಇಮೇಲ್ ವಿಳಾಸವನ್ನೇ ಕೇಳಿ ಬರೆದುಕೊಳ್ಳಿ.