ಶೂನ್ಯ ಬಾಕಿಯ ಕೊನೆಯ ಸಾಲು

ಕೇಳುಗರಿಗೆ ನಮಸ್ಕಾರ. ಉಳಿತಾಯ ಖಾತೆ ಮುಚ್ಚಿಸಿದವರು ಕೊನೆಯ ಸ್ಟೇಟ್‌ಮೆಂಟ್ ಕೈಗೆ ಬಂದಾಗ ಸಾಮಾನ್ಯವಾಗಿ ನೋಡುವುದು ಕಟ್ಟಕಡೆಯ ಸಾಲನ್ನು ಮಾತ್ರ. ಬಾಕಿ ಶೂನ್ಯ ಅಂತಿದ್ದರೆ ಕಾಗದ ಮಡಿಸಿಟ್ಟುಬಿಡುತ್ತಾರೆ. ಆದರೆ ಆ ಸೊನ್ನೆ ಹೇಗೆ ಬಂತು ಅನ್ನುವುದು ಅದರ ಮೇಲಿನ ನಾಲ್ಕೈದು ಸಾಲುಗಳಲ್ಲಿದೆ.

ಒಂದು ಲೆಕ್ಕ ಹಾಕೋಣ. ಖಾತೆಯಲ್ಲಿ 5,200 ಇದೆ, ಬಡ್ಡಿ ವರ್ಷಕ್ಕೆ ಶೇಕಡಾ 3. ಬಡ್ಡಿ ಜೂನ್ ಕೊನೆಯವರೆಗೆ ಜಮೆಯಾಗಿದೆ, ಖಾತೆ ಮುಚ್ಚಿದ್ದು ಸೆಪ್ಟೆಂಬರ್ 18ಕ್ಕೆ. ನಡುವಿನ ಸುಮಾರು 80 ದಿನಕ್ಕೆ 34ರಷ್ಟು ಬಡ್ಡಿ ಬರಬೇಕು. ಮುಚ್ಚುವ ಶುಲ್ಕ, ತೆರಿಗೆ ಸೇರಿ 330 ಹೋಯಿತು ಅನ್ನಿ. ನಿಮ್ಮ ಹೊಸ ಖಾತೆಗೆ ಬರಬೇಕಾದದ್ದು 4,904. ಬಂದದ್ದು 4,870 ಆದರೆ, ವ್ಯತ್ಯಾಸ ಸರಿಯಾಗಿ 34. ಅಂದರೆ ಮುಚ್ಚುವ ದಿನದವರೆಗಿನ ಬಡ್ಡಿ ಹಾಕುವುದನ್ನೇ ಮರೆತಿದ್ದಾರೆ.

ಇನ್ನು ಹೆಚ್ಚು ಕಾಡುವುದು ಕಂತುಗಳು. ಇಲ್ಲಿ ಎರಡು ಬಗೆ ಇವೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಇಂಥವರಿಗೆ ಇಷ್ಟು ಕಳಿಸಿ ಎಂದು ನೀವೇ ಬ್ಯಾಂಕಿಗೆ ಕೊಟ್ಟದ್ದು ಸ್ಥಾಯಿ ಸೂಚನೆ. ಖಾತೆ ಹೋದರೆ ಅದೂ ಹೋಗುತ್ತದೆ. ಇನ್ನೊಂದು, ವಿಮೆಯವರೋ ಸಾಲ ಕೊಟ್ಟವರೋ ತಾವಾಗಿ ಬಂದು ಹಣ ಎಳೆದುಕೊಳ್ಳಲು ನೀವು ಕೊಟ್ಟ ಅನುಮತಿ. ಖಾತೆ ಮುಚ್ಚಿದ ಸುದ್ದಿ ಅವರಿಗೆ ತಲುಪಿರುವುದಿಲ್ಲ. ಗಡುವಿನ ದಿನ ಅವರು ಹಣ ಕೇಳುತ್ತಾರೆ, ಬೇಡಿಕೆ ವಾಪಸಾಗುತ್ತದೆ, ದಂಡ ಅವರ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಬೀಳುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಅದರ ಸುಳಿವೂ ಇರದು.

ಅದಕ್ಕೇ ಕೊನೆಯ ತಿಂಗಳದ್ದಷ್ಟೇ ಸಾಲದು, ಹಿಂದಿನ 13 ತಿಂಗಳ ಸ್ಟೇಟ್‌ಮೆಂಟ್ ಓದಿ. ವರ್ಷಕ್ಕೊಮ್ಮೆ ಹೋಗುವ ವಿಮಾ ಕಂತು, ಲಾಕರ್ ಬಾಡಿಗೆ 12 ತಿಂಗಳ ಅಂಚಿನಲ್ಲಿ ತಪ್ಪಿಹೋಗಬಹುದು. ಒಂದೇ ಹೆಸರು, ಒಂದೇ ಮೊತ್ತ ಮರಳಿ ಕಂಡಲ್ಲೆಲ್ಲ ಗುರುತು ಹಾಕಿ, ಆಯಾ ಕಡೆ ಹೊಸ ಖಾತೆ ಸಂಖ್ಯೆ ಕೊಟ್ಟು ಒಪ್ಪಿಗೆ ಪಡೆಯಿರಿ. ಈ ಸ್ಟೇಟ್‌ಮೆಂಟುಗಳನ್ನು ಖಾತೆ ಮುಚ್ಚುವ ಮೊದಲೇ ಇಳಿಸಿಕೊಳ್ಳಿ. ಆಮೇಲೆ ನೆಟ್ ಬ್ಯಾಂಕಿಂಗ್ ಬಾಗಿಲು ತೆರೆಯದೆ ಇರಬಹುದು.

ಕೊನೆಗೆ ದೃಢೀಕರಣ ಪತ್ರ. 'ನಿಮ್ಮ ಮನವಿ ಸ್ವೀಕರಿಸಲಾಗಿದೆ' ಎಂಬುದು ಬರೀ ಸ್ವೀಕೃತಿ. 'ಖಾತೆ ನಿಷ್ಕ್ರಿಯವಾಗಿದೆ' ಎಂದರೂ ಮುಚ್ಚಿದಂತಲ್ಲ, ಅಂಥ ಖಾತೆ ಇನ್ನೂ ಪುಸ್ತಕದಲ್ಲಿ ಉಳಿದಿರುತ್ತದೆ. ಖಾತೆ ಸಂಖ್ಯೆ, ಮುಚ್ಚಿದ ದಿನಾಂಕ, ಬಾಕಿ ಏನೂ ಇಲ್ಲವೆಂಬ ಮಾತು, ಹಣ ಕಳಿಸಿದ ಉಲ್ಲೇಖ ಸಂಖ್ಯೆ ಪತ್ರದಲ್ಲಿರಲಿ. ಮುಚ್ಚಿದ ದಿನಾಂಕವನ್ನು ಸ್ಟೇಟ್‌ಮೆಂಟಿನ ಕೊನೆಯ ಸಾಲಿನ ಪಕ್ಕ ಹಿಡಿದು ನೋಡಿ. ಆ ದಿನದ ನಂತರದ ಒಂದೇ ಒಂದು ನಮೂದು ಕಂಡರೂ, ಖಾತೆ ಮುಚ್ಚಿಲ್ಲ ಎಂದೇ ತಿಳಿದು ಪತ್ರದ ಪ್ರತಿಯೊಂದಿಗೆ ಬ್ಯಾಂಕಿಗೆ ಲಿಖಿತವಾಗಿ ಕೇಳಿ. ನಮಸ್ಕಾರ.