ಕಡ್ಡಿ ಪೂರ್ತಿ ಇದೆ, ನೆಟ್ ಮಾತ್ರ ಇಲ್ಲ

ಕೇಳುಗರಿಗೆ ನಮಸ್ಕಾರ.

ಕ್ರಿಕೆಟ್ ಪಂದ್ಯದ ದಿನ ತುಂಬಿದ ಕ್ರೀಡಾಂಗಣದಲ್ಲಿ ಕೂತು ಫೋನ್ ತೆಗೆದರೆ ಮೇಲೆ ಸಿಗ್ನಲ್ಲಿನ ಕಡ್ಡಿಗಳೆಲ್ಲ ನೆಟ್ಟಗೆ ನಿಂತಿರುತ್ತವೆ. ಫೋಟೊ ಕಳಿಸಲು ಹೋದರೆ ಚಕ್ರ ತಿರುಗುತ್ತಲೇ ಇರುತ್ತದೆ. ‘ಟವರ್ ಸಿಗ್ತಿಲ್ಲ’ ಅಂತ ಪಕ್ಕದವರು ಗೊಣಗುತ್ತಾರೆ. ನಿಜ ಹೇಳಬೇಕೆಂದರೆ ಟವರ್ ಸಿಕ್ಕಿದೆ, ಸರದಿ ಸಿಕ್ಕಿಲ್ಲ. ಟವರಿನ ದನಿ ಫೋನಿಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದಷ್ಟೇ ಕಡ್ಡಿಗಳಿಗೆ ಗೊತ್ತು. ಅದೇ ಟವರನ್ನು ಇನ್ನೆಷ್ಟು ಜನ ಕರೆಯುತ್ತಿದ್ದಾರೆ ಎಂಬುದು ಅವಕ್ಕೆ ತಿಳಿಯದು.

ಒಂದು ಅಂದಾಜು ಲೆಕ್ಕ ಹಾಕೋಣ. 40,000 ಪ್ರೇಕ್ಷಕರು, ಅವರಲ್ಲಿ ಒಂದು ಕಂಪನಿಯ ಸಿಮ್ ಇರುವವರು 12,000 ಅಂತಿಟ್ಟುಕೊಳ್ಳಿ. ಸಿಕ್ಸರ್ ಬಿದ್ದ ಮರುಕ್ಷಣ ಅವರಲ್ಲಿ ಐದರಲ್ಲೊಬ್ಬರು ಫೋನ್ ಎತ್ತಿದರೂ 2,400 ಮಂದಿ. ತಲೆಗೆ ಸೆಕೆಂಡಿಗೆ 1 ಮೆಗಾಬಿಟ್ ಕೊಡಬೇಕೆಂದರೆ 2,400 ಮೆಗಾಬಿಟ್ ಬೇಕು. ಒಂದು ರೇಡಿಯೊ ಯಂತ್ರ ನೋಡಿಕೊಳ್ಳುವ ಜಾಗಕ್ಕೆ ಸೆಕ್ಟರು ಅನ್ನುತ್ತಾರೆ. ಗದ್ದಲದ ನಡುವೆ ಒಂದು 4ಜಿ ಸೆಕ್ಟರಿನಿಂದ 50 ಮೆಗಾಬಿಟ್ ಹೊರಟಿತು ಅಂದುಕೊಂಡರೆ, ಅಂಥ 48 ಸೆಕ್ಟರುಗಳು ಬೇಕಾಗುತ್ತವೆ. ಹೊರಗೆ ರಸ್ತೆಯ ಟವರಿನಲ್ಲಿ ಸಾಮಾನ್ಯವಾಗಿ ಇರುವುದು ಮೂರೇ ದಿಕ್ಕಿನ ಸೆಕ್ಟರುಗಳು.

ಮದುವೆಮನೆಯ ಪಂಕ್ತಿಯಲ್ಲಿ ಅಡುಗೆ ಬೇಕಾದಷ್ಟಿದ್ದು ಬಡಿಸುವವನು ಒಬ್ಬನೇ ಆದರೆ ಹೇಗೋ ಹಾಗೆ ಇದು. ಅವನು ಎಷ್ಟು ಜೋರಾಗಿ ‘ಸಾರು, ಸಾರು’ ಅಂತ ಕೂಗಿದರೂ ಎಲೆಗಳು ಖಾಲಿಯೇ.

ಇಲ್ಲಿ ಎರಡು ಉಪಾಯಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು, ಹಂಚಿದ ಆಂಟೆನಾ ವ್ಯವಸ್ಥೆ. ಎಂಜಿನಿಯರುಗಳು ಇದನ್ನು ‘ಡ್ಯಾಸ್’ ಅನ್ನುತ್ತಾರೆ. ಒಂದು ಕೋಣೆಯಲ್ಲಿ ಕಂಪನಿಗಳ ಯಂತ್ರಗಳಿರುತ್ತವೆ. ಅಲ್ಲಿಂದ ಕೇಬಲ್ ಹೊರಟು, ಚಾವಣಿಗೆ ಅಂಟಿದ ತಟ್ಟೆಯಂಥ ಆಂಟೆನಾಗಳಿಗೆ ಸಿಗ್ನಲ್ ಒಯ್ಯುತ್ತದೆ. ಇನ್ನೊಂದು, ಸ್ಮಾಲ್ ಸೆಲ್. ಇದು ಕಡಿಮೆ ಶಕ್ತಿಯ, ತನ್ನದೇ ರೇಡಿಯೊ ಇರುವ ಪುಟ್ಟ ಟವರು. ಗುತ್ತಿಗೆ ಕೊಡುವವರು ಎಡವುವುದು ಇಲ್ಲೇ. ಒಂದೇ ಯಂತ್ರಕ್ಕೆ 40 ಆಂಟೆನಾ ಜೋಡಿಸಿದರೂ ಆ ನಲವತ್ತೂ ಸೇರಿ ಒಂದೇ ಸೆಕ್ಟರು. ಮೂಲೆಮೂಲೆಗೂ ಕಡ್ಡಿ ಬರುತ್ತದೆ, ಸರದಿಯ ಸಾಲು ಒಂದಿಷ್ಟೂ ಕರಗುವುದಿಲ್ಲ.

ಹಾಗಾದರೆ 48 ಸೆಕ್ಟರು ಹಾಕಿಬಿಡಬಹುದಲ್ಲ? ಬಟ್ಟಲಿನಂಥ ಮೈದಾನದಲ್ಲಿ ಅದು ಸುಲಭವಲ್ಲ. ನಡುವೆ ಗೋಡೆಯಿಲ್ಲದ್ದರಿಂದ ಈ ಸ್ಟ್ಯಾಂಡಿನ ಆಂಟೆನಾ ಎದುರಿನ ಸ್ಟ್ಯಾಂಡಿಗೂ ಕೇಳುತ್ತದೆ. ಎಲ್ಲವೂ ಒಂದೇ ತರಂಗಾಂತರದಲ್ಲಿ ಮಾತಾಡುವುದರಿಂದ ಒಂದರ ಮಾತು ಇನ್ನೊಂದಕ್ಕೆ ಗಲಾಟೆ. ಆದ್ದರಿಂದ ಟಾರ್ಚಿನ ಬೆಳಕಿನಂತೆ ಕಿರಿದಾಗಿ ಬೀಳುವ ಆಂಟೆನಾಗಳನ್ನು ಮೇಲಿಂದ ಕೆಳಮುಖವಾಗಿ ತಿರುಗಿಸುತ್ತಾರೆ. ಕೆಲವು ಕ್ರೀಡಾಂಗಣಗಳಲ್ಲಿ ಕುರ್ಚಿಗಳ ಕೆಳಗೇ ಆಂಟೆನಾ ಇಡುತ್ತಾರೆ. ಮನುಷ್ಯನ ಮೈಯಲ್ಲಿ ನೀರೇ ಹೆಚ್ಚು, ಅದು ರೇಡಿಯೊ ಅಲೆಯನ್ನು ಹೀರುತ್ತದೆ. ಕೂತ ಜನರೇ ಗೋಡೆಯಾಗಿ ಸಿಗ್ನಲ್ಲನ್ನು ಆಚೆ ಹೋಗದಂತೆ ತಡೆಯುತ್ತಾರೆ. ಖಾಲಿ ಕುರ್ಚಿಗಳ ನಡುವೆ ಮಾಡಿದ ಪರೀಕ್ಷೆಯನ್ನು ಅದಕ್ಕೇ ಪೂರ್ತಿ ನಂಬಬಾರದು.

ಇನ್ನೊಂದು ಕಾಟ ತುಕ್ಕಿನದು. ಸಡಿಲ ಕನೆಕ್ಟರು, ಆಂಟೆನಾದ ಮುಂದಿರುವ ತುಕ್ಕುಹಿಡಿದ ಕಂಬಿ, ಇವುಗಳಿಗೆ ಎರಡು ಬೇರೆ ತರಂಗಾಂತರಗಳು ತಾಗಿದಾಗ ಮೂರನೆಯದೊಂದು ಹುಟ್ಟುತ್ತದೆ. ಅದು ಫೋನುಗಳಿಂದ ಬರುವ ಕ್ಷೀಣ ಸಿಗ್ನಲ್ಲಿನ ಜಾಗದಲ್ಲೇ ಬಿದ್ದರೆ ಯಂತ್ರಕ್ಕೆ ಫೋನಿನ ದನಿಯೇ ಕೇಳದು. ಮೈದಾನ ಖಾಲಿಯಿದ್ದಾಗ ಎಲ್ಲ ಸರಿ, ಜನ ತುಂಬಿ ಯಂತ್ರ ಹೆಚ್ಚು ಶಕ್ತಿ ಸುರಿಯತೊಡಗಿದಂತೆ ಗದ್ದಲ ಏರುತ್ತದೆ. ಇದೇ ಇದರ ಗುರುತು. ತಂತ್ರಜ್ಞರು ಅಳೆಯುವ ಯಂತ್ರ ಹಚ್ಚಿಟ್ಟು ಒಂದೊಂದೇ ಕನೆಕ್ಟರನ್ನು ಮೆಲ್ಲಗೆ ತಟ್ಟುತ್ತ ಹೋಗುತ್ತಾರೆ. ತಟ್ಟಿದಾಗ ಅಂಕಿ ಕುಣಿದರೆ ಕಳ್ಳ ಅಲ್ಲೇ.

ಆಸ್ಪತ್ರೆಯ ಕತೆ ಬೇರೆ. ಅಲ್ಲಿ ಮೈದಾನದಷ್ಟು ನೂಕುನುಗ್ಗಲಿಲ್ಲ, ಆದರೆ ಎಕ್ಸ್-ರೇ ಕೋಣೆಗಳ ಸೀಸದ ಗೋಡೆ, ನೆಲಮಾಳಿಗೆಯ ಕಾಂಕ್ರೀಟು ಹೊರಗಿನ ಸಿಗ್ನಲ್ಲನ್ನು ನುಂಗುತ್ತವೆ. ಅಲ್ಲಿಗೆ ಡ್ಯಾಸ್ ಒಂದೇ ಸಾಕಾಗುವುದುಂಟು. ಇನ್ನೊಂದು ಲಾಭವೂ ಇದೆ: ಟವರ್ ದೂರವಿದ್ದಾಗ ಫೋನು 200 ಮಿಲಿವ್ಯಾಟ್‌ವರೆಗೆ ಕೂಗುತ್ತದೆ, ಆಂಟೆನಾ ತಲೆಯ ಮೇಲೇ ಇದ್ದರೆ ಪಿಸುಗುಟ್ಟಿದರೂ ಸಾಕು. ಸೂಕ್ಷ್ಮ ಉಪಕರಣಗಳ ಪಕ್ಕದಲ್ಲಿ ಅದು ಒಳ್ಳೆಯದೇ. ಮಾಲುಗಳಿಗೆ ಎರಡೂ ಬೇಕು: ನೆಲಮಾಳಿಗೆಯ ಪಾರ್ಕಿಂಗಿಗೆ ಡ್ಯಾಸ್, ಊಟದ ಅಂಗಳಕ್ಕೆ ಹೆಚ್ಚಿನ ಸೆಕ್ಟರು.

ನಿಮ್ಮ ಕಟ್ಟಡದಲ್ಲಿ ತೊಂದರೆಯಿದ್ದರೆ ದೂರು ಕೊಡುವಾಗ ಎರಡು ವಿಷಯ ಬರೆಯಿರಿ. ಕಡ್ಡಿ ಎಷ್ಟಿತ್ತು, ಹೊತ್ತು ಎಷ್ಟಾಗಿತ್ತು. ಯಾವ ಹೊತ್ತಿಗೂ ಕಡ್ಡಿಯೇ ಇಲ್ಲವೆಂದರೆ ಅಲ್ಲಿಗೆ ಆಂಟೆನಾ ತಲುಪಿಲ್ಲ. ಬೆಳಿಗ್ಗೆ ಸರಾಗ, ಭಾನುವಾರ ಸಂಜೆ ಪೂರ್ತಿ ಕಡ್ಡಿಯಿದ್ದೂ ನೆಟ್ ನಿಂತುಹೋಗುತ್ತದೆ ಎಂದರೆ ಸೆಕ್ಟರು ಸಾಲುತ್ತಿಲ್ಲ. ಆಗ ಇನ್ನೂ ಹತ್ತು ಆಂಟೆನಾ ಅಂಟಿಸುತ್ತೇವೆ ಅಂತ ಯಾರಾದರೂ ಬಂದರೆ, ಅವನ್ನು ಎಷ್ಟು ಯಂತ್ರಗಳಿಗೆ ಜೋಡಿಸುತ್ತೀರಿ ಅಂತ ಕೇಳಿ.

ನಮಸ್ಕಾರ.