ಉದ್ದ ವಿಡಿಯೊ ಕತ್ತರಿಸುವ ಮುಂಚೆ ರೈತರ ಪ್ರಶ್ನೆ ಹುಡುಕಿ

ಕೇಳುಗರಿಗೆ ನಮಸ್ಕಾರ.

ನಮ್ಮ ತುಮಕೂರು ಜಿಲ್ಲೆಯಲ್ಲಿ ಯಂತ್ರ ಮಾಡುವ ಚಿಕ್ಕ ವರ್ಕ್‌ಶಾಪುಗಳು ಬೇಕಾದಷ್ಟಿವೆ. ಹೊಸ ಯಂತ್ರ ಬಂದಾಗ ತೋಟಕ್ಕೆ ಒಯ್ದು, ಓಡಿಸಿ ತೋರಿಸಿ, ಅದನ್ನೆಲ್ಲ ವಿಡಿಯೊ ಮಾಡುತ್ತಾರೆ. ಆ ವಿಡಿಯೊ ಅರ್ಧ ಗಂಟೆ, ಮುಕ್ಕಾಲು ಗಂಟೆ ಇರುತ್ತದೆ. ಅಷ್ಟುದ್ದ ಯಾರೂ ನೋಡುವುದಿಲ್ಲ ಅಂತ ನಿಮಿಷಕ್ಕೊಂದರಂತೆ ಕತ್ತರಿಸಿ ಫೋನಿಗೆ ಬಿಡುತ್ತಾರೆ. ಎಡವುವುದು ಅಲ್ಲೇ. ಗಡಿಯಾರ ನೋಡಿ ಕತ್ತರಿಸಿದ ತುಣುಕಿಗೆ ತಲೆಯೂ ಇರುವುದಿಲ್ಲ, ಬಾಲವೂ ಇರುವುದಿಲ್ಲ. ಕತ್ತರಿಸಬೇಕಾದದ್ದು ನಿಮಿಷ ನೋಡಿ ಅಲ್ಲ, ಪ್ರಶ್ನೆ ನೋಡಿ.

ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ. ತಿಪಟೂರು ಕಡೆಯ ತೋಟ, ತೆಂಗಿನಕಾಯಿ ಸುಲಿಯುವ ಯಂತ್ರ. ಹಲ್ಲಿರುವ ಎರಡು ರೋಲರ್ ಎದುರುಬದುರು ತಿರುಗಿ ಮಟ್ಟೆ ಕೀಳುತ್ತವೆ. ವರ್ಕ್‌ಶಾಪಿನ ಯಜಮಾನರು ಕಾಯಿ ಹಾಕುತ್ತಾ ವಿವರಿಸುತ್ತಾರೆ, ಸುತ್ತ ನಿಂತ ರೈತರು ಕೇಳುತ್ತಾರೆ. ವಿಡಿಯೊ ನಲವತ್ತು ನಿಮಿಷ ಅಂತಿಟ್ಟುಕೊಳ್ಳಿ.

ಮೊದಲ ಕೆಲಸ ಕಂಪ್ಯೂಟರಿನದ್ದಲ್ಲ, ಪೆನ್ನು ಹಾಳೆಯದು. ಪೂರ್ತಿ ವಿಡಿಯೊ ನೋಡುತ್ತಾ ಪ್ರತಿ ಪ್ರಶ್ನೆಯನ್ನೂ ಅದು ಬಂದ ಹೊತ್ತಿನ ಜೊತೆ ಬರೆದುಕೊಳ್ಳಿ. ಸಿಂಗಲ್ ಫೇಸಿನಲ್ಲಿ ಓಡುತ್ತಾ? ಚಿಪ್ಪು ಒಡೆಯುತ್ತಾ? ಹಸಿ ಕಾಯಿ ಸುಲಿಯುತ್ತಾ? ಹೀಗೆ ಬರೆಯುತ್ತಾ ಹೋದರೆ ನಲವತ್ತು ನಿಮಿಷದಲ್ಲಿ ಆರೇಳು ಗಟ್ಟಿ ಪ್ರಶ್ನೆ ಸಿಗುತ್ತವೆ. ಉಳಿದದ್ದು ಸ್ವಾಗತ, ಪರಿಚಯ, ಒಂದೇ ಮಾತು ಮತ್ತೆ ಮತ್ತೆ. ಅದನ್ನು ಬಿಡಿ. ಒಂದು ಪ್ರಶ್ನೆಗೆ ಒಂದು ತುಣುಕು, ಅಷ್ಟೇ.

ಹದಿನೇಳನೇ ನಿಮಿಷದಲ್ಲಿ ಒಬ್ಬ ರೈತರು ದೂರದಿಂದ ಕೇಳುತ್ತಾರೆ: ‘ಹಸಿ ಕಾಯಿ ಸುಲಿಯುತ್ತಾ ಸ್ವಾಮಿ?’ ಯಜಮಾನರ ಉತ್ತರ ಇದು: ‘ಆಗ್ಲೇ ಹೇಳಿದ್ನಲ್ಲ, ಅದೇ ತರ. ಬಲಿತ ಕಾಯಿ ಆದ್ರೆ ಹಸಿದೂ ಸುಲಿಯುತ್ತೆ. ತೀರಾ ಚಿಕ್ಕ ಕಾಯಿ ಮಾತ್ರ ಹಾಕ್ಬೇಡಿ, ಚಿಪ್ಪು ಒಡೆದೋಗುತ್ತೆ.’ ಹೇಳಿ ಒಂದು ಹಸಿ ಕಾಯಿ ಹಾಕಿ ತೋರಿಸುತ್ತಾರೆ. ನಮಗೆ ಬೇಕಾದ ತುಣುಕು ಇದೇ.

ರೈತರ ಬಳಿ ಮೈಕ್ ಇರಲಿಲ್ಲ, ಪ್ರಶ್ನೆ ಸರಿಯಾಗಿ ಕೇಳಿಸುವುದಿಲ್ಲ. ಹಾಗಾಗಿ ಮೊದಲ ಎರಡು ಸೆಕೆಂಡು ಆ ಪ್ರಶ್ನೆಯನ್ನು ದಪ್ಪ ಅಕ್ಷರದಲ್ಲಿ ಪರದೆ ಮೇಲೆ ಹಾಕಿ. ‘ಆಗ್ಲೇ ಹೇಳಿದ್ನಲ್ಲ’ ಅನ್ನುವ ಮಾತು ತೆಗೆದುಬಿಡಿ, ಆಗ ಹೇಳಿದ್ದು ಈ ತುಣುಕು ನೋಡುವವರಿಗೆ ಗೊತ್ತೇ ಇಲ್ಲ. ಕತ್ತರಿಸಿದ ಜಾಗದಲ್ಲಿ ಚಿತ್ರ ಎಗರಿದಂತೆ ಕಾಣುತ್ತದೆ. ಅಲ್ಲಿ ರೋಲರ್ ತಿರುಗುವ ಹತ್ತಿರದ ದೃಶ್ಯ ಮುಚ್ಚಿದರೆ ಸರಿಹೋಗುತ್ತದೆ. ಆದರೆ ಕಾಯಿ ಒಳಗೆ ಹೋಗಿ, ಮಟ್ಟೆ ಬಿಟ್ಟು, ಆಚೆ ಬರುವ ಕ್ಷಣಕ್ಕೆ ಕತ್ತರಿ ಹಾಕಲೇಬೇಡಿ. ಅಲ್ಲಿ ಕತ್ತರಿ ಬಿದ್ದರೆ ರೈತರು ಕಾಯಿ ಬದಲಾಯಿಸಿದ್ದಾರೆ ಅಂದುಕೊಳ್ಳುತ್ತಾರೆ. ಹಾಗಂದುಕೊಂಡರೆ ತಪ್ಪೂ ಅಲ್ಲ.

ಇನ್ನೊಂದು ಮುಖ್ಯ ಮಾತು. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ‘ಚಿಕ್ಕ ಕಾಯಿ ಮಾತ್ರ ಹಾಕ್ಬೇಡಿ’ ಅನ್ನುವಾಗ ‘ಬೇಡಿ’ ಕೊನೆಯ ತುಂಡು. ಅರ್ಧ ಸೆಕೆಂಡು ಮುಂಚೆ ಕತ್ತರಿಸಿದರೆ ‘ಚಿಕ್ಕ ಕಾಯಿ ಮಾತ್ರ’ ಅಂತ ಉಳಿದು, ಮಾತು ತಲೆಕೆಳಗಾಗುತ್ತದೆ. ಅದಕ್ಕೇ ಪ್ರತಿ ತುಣುಕಿನ ಕೊನೆಯನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ, ಮಾತು ಮುಗಿದ ಮೇಲೆ ಸ್ವಲ್ಪ ಮೌನ ಉಳಿಸಿ.

ಈಗ ಚೌಕಟ್ಟು. ಮೂಲ ವಿಡಿಯೊ ಅಡ್ಡ ಇದೆ, ಫೋನಿಗೆ ನಿಂತ ಚಿತ್ರ ಬೇಕು. ಫುಲ್ ಎಚ್‌ಡಿ ಅಂದರೆ ಅಗಲ 1920, ಎತ್ತರ 1080 ಪಿಕ್ಸೆಲ್. ಇದರಲ್ಲಿ ನಿಂತ ಚೌಕಟ್ಟು ಕತ್ತರಿಸಿದರೆ ಅಗಲ ಬರೀ 608 ಪಿಕ್ಸೆಲ್ ಉಳಿಯುತ್ತದೆ, ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಮ್ಮಿ. ಅದನ್ನು ನಿಂತ ವಿಡಿಯೊಗೆ ಬೇಕಾದ 1080 ಅಗಲಕ್ಕೆ ಎಳೆದಾಗ ಚಿತ್ರ ಮಸುಕಾಗುತ್ತದೆ. ಜೊತೆಗೆ ಯಜಮಾನರೂ ಯಂತ್ರವೂ ಒಟ್ಟಿಗೆ ಹಿಡಿಸುವುದಿಲ್ಲ. ಮೊದಲೇ 4ಕೆಯಲ್ಲಿ ತೆಗೆದಿದ್ದರೆ ಕತ್ತರಿಸಿದ ಮೇಲೂ 1215 ಪಿಕ್ಸೆಲ್ ಅಗಲ ಸಿಗುತ್ತದೆ, ಮಸುಕಿನ ಚಿಂತೆ ಇಲ್ಲ. ಇಬ್ಬರೂ ಕಾಣಬೇಕು ಅಂದರೆ ಪರದೆಯನ್ನು ಎರಡು ಮಾಡಿ, ಮೇಲೆ ಮಾತಾಡುವ ಮುಖ, ಕೆಳಗೆ ರೋಲರ್ ಇಡಿ. ಯಂತ್ರದ ವಿಡಿಯೊಗೆ ನನಗೆ ಇದೇ ಇಷ್ಟ. ಕೈ ಎಲ್ಲಿದೆ, ಕಾಯಿ ಎಲ್ಲಿದೆ ಅನ್ನುವುದು ಬಿಟ್ಟುಹೋಗುವುದಿಲ್ಲ.

ಮುಂದೆ, ಪರದೆ ಮೇಲಿನ ಬರಹ. ಬಸ್ಸಿನಲ್ಲಿ, ಅಂಗಡಿಯಲ್ಲಿ ಜನ ಸೌಂಡ್ ಇಲ್ಲದೆ ನೋಡುತ್ತಾರೆ, ಅಲ್ವಾ? ಜೊತೆಗೆ ಯಂತ್ರದ ಸದ್ದಿನಲ್ಲಿ ಮಾತು ಅರ್ಧ ಮುಳುಗಿರುತ್ತದೆ. ತಾನಾಗಿ ಬರುವ ಕ್ಯಾಪ್ಶನ್ ಸದ್ದಿನ ನಡುವಿನ ನಮ್ಮ ಕಡೆಯ ಮಾತನ್ನು ತಪ್ಪು ತಪ್ಪಾಗಿ ಹಿಡಿಯುತ್ತದೆ. ಅದನ್ನು ಕರಡು ಅಂತ ಇಟ್ಟುಕೊಂಡು ಸಾಲು ಸಾಲು ತಿದ್ದಿ. ಅಂಕಿಗಳನ್ನಂತೂ ಬಿಡದೆ ನೋಡಿ. ಯಜಮಾನರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. ಅವರು ‘ಸುಲಿಯುತ್ತೆ’ ಅಂದರೆ ನೀವೂ ‘ಸುಲಿಯುತ್ತೆ’ ಅಂತಲೇ ಬರೆಯಿರಿ. ತುಟಿ ಒಂದು ಹೇಳಿ ಬರಹ ಇನ್ನೊಂದು ಹೇಳಿದರೆ ನೋಡುವವರಿಗೆ ಕಿರಿಕಿರಿ. ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಬೇಡ. ತೀರಾ ತಳದಲ್ಲಿ ಹಾಕಿದರೆ ಚಾನೆಲ್ ಹೆಸರು ಅದನ್ನು ಮುಚ್ಚುತ್ತದೆ, ಬಲಕ್ಕೆ ಲೈಕ್ ಬಟನ್ನುಗಳಿವೆ. ಪರದೆಯ ನಡುವಿಗಿಂತ ಸ್ವಲ್ಪ ಕೆಳಗೆ ಇಟ್ಟರೆ ಎರಡರಿಂದಲೂ ಬಚಾವು.

ಇದೇ ತುಣುಕಿನಿಂದ ಮಾತಿನ ಚಿತ್ರವೂ ಬರುತ್ತದೆ. ಅಂದರೆ ಒಂದು ಫೋಟೊ, ಅದರ ಮೇಲೆ ಯಜಮಾನರ ಒಂದು ಮಾತು, ಕೆಳಗೆ ಅವರ ಹೆಸರು. ‘ಹಸಿದೂ ಸುಲಿಯುತ್ತೆ’ ಅಂತಷ್ಟೇ ಹಾಕಿದರೆ ನೋಡಲು ಚಂದ. ಆದರೆ ಅವರು ಹೇಳಿದ್ದು ‘ಬಲಿತ ಕಾಯಿ ಆದ್ರೆ’. ಆ ಷರತ್ತು ಬಿಟ್ಟರೆ ಅದು ಅವರ ಮಾತಲ್ಲ, ನಾವು ಕೊಟ್ಟ ಭರವಸೆ. ನಾಳೆ ಯಾರೋ ಎಳೆ ಕಾಯಿ ಹಾಕಿ ಯಂತ್ರ ವಾಪಸ್ ತಂದರೆ ಉತ್ತರ ಹೇಳಬೇಕಾದವರು ಯಜಮಾನರು. ‘ಬಲಿತ ಕಾಯಿ ಆದ್ರೆ ಹಸಿದೂ ಸುಲಿಯುತ್ತೆ’, ಐದೇ ಪದ. ಪೂರ್ತಿ ಹಾಕಲು ಜಾಗ ಧಾರಾಳವಾಗಿದೆ. ಪೋಸ್ಟ್ ಮಾಡುವ ಮುಂಚೆ ಯಜಮಾನರಿಗೆ ಒಮ್ಮೆ ತೋರಿಸಿ, ಒಪ್ಪಿಗೆ ತಗೊಳ್ಳಿ.

ಫೋಟೊಗೆ ವಿಡಿಯೊ ನಿಲ್ಲಿಸಿ ಚಿತ್ರ ತೆಗೆದರೆ ಅಲುಗಾಡುವ ಕೈ ಮಸುಕಾಗಿರುತ್ತದೆ. ಸುಲಿದ ಕಾಯಿ ಹಿಡಿದು ನಿಂತ ಕ್ಷಣ ಹುಡುಕಿ. ಇನ್ನು ಅಕ್ಷರ. ವಿನ್ಯಾಸದ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಕನ್ನಡದ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಸುಮ್ನೆ ‘ಕೊಬ್ಬರಿ’, ‘ಮಟ್ಟೆ’ ಅಂತ ಟೈಪ್ ಮಾಡಿ ನೋಡಿ, ಗೊತ್ತಾಗುತ್ತದೆ. ಒಡೆದು ಕಂಡರೆ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಇದೆಯೇ ಹುಡುಕಿ, ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಬಳಸಿ. ಸಾಲುಗಳ ನಡುವೆ ಜಾಗವನ್ನೂ ಜಾಸ್ತಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ವಾಟ್ಸಾಪಿನಲ್ಲಿ ವಿಡಿಯೊ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟ ಇಳಿಯುವುದಿಲ್ಲ.

ಉದ್ದ ವಿಡಿಯೊ ಅಳಿಸಬೇಡಿ. ದುಡ್ಡು ಹಾಕುವ ಮುಂಚೆ ಪೂರ್ತಿ ನೋಡುವವರು ಇದ್ದೇ ಇದ್ದಾರೆ. ಮೊದಲು ಹಾಳೆ ಮೇಲೆ ಬರೆದುಕೊಂಡಿರಲ್ಲ, ಅದೇ ಪ್ರಶ್ನೆಗಳನ್ನೂ ಹೊತ್ತನ್ನೂ ಯೂಟ್ಯೂಬ್ ವಿವರಣೆಯಲ್ಲಿ ಒಂದರ ಕೆಳಗೊಂದು ಹಾಕಿ. ಪಟ್ಟಿ ಸೊನ್ನೆ ನಿಮಿಷ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಬೇಕು, ಕನಿಷ್ಠ ಮೂರು ಸಾಲು ಇರಬೇಕು, ಒಂದೊಂದು ಭಾಗವೂ ಹತ್ತು ಸೆಕೆಂಡಿಗೆ ಕಮ್ಮಿ ಇರಬಾರದು. ಹಾಗಿದ್ದರೆ ವಿಡಿಯೊ ತಾನಾಗಿ ಅಧ್ಯಾಯಗಳಾಗಿ ಒಡೆದುಕೊಳ್ಳುತ್ತದೆ. ಹಸಿ ಕಾಯಿಯ ಚಿಕ್ಕ ತುಣುಕು ನೋಡಿ ಬಂದವರು ಸಿಂಗಲ್ ಫೇಸಿನ ಉತ್ತರ ಬೇಕಾದರೆ ನೇರವಾಗಿ ಅಲ್ಲಿಗೇ ಹೋಗಬಹುದು.

ನಮಸ್ಕಾರ.